ಕಡಿಮೆ ಬೆಲೆಯ ಫಿಟ್‌ನೆಸ್ ಆ್ಯಪ್‌ನ ಬಿಡುಗಡೆಗೆ ಮೂವತ್ತು ದಿನಗಳ ಸಾಮಾಜಿಕ ಜಾಲತಾಣ ಕ್ಯಾಲೆಂಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತವೆ. ಬಳ್ಳಾರಿಯಲ್ಲಿ ಮೂವರು ಸೇರಿ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿದ್ದಾರೆ ಎಂದುಕೊಳ್ಳೋಣ. ಯಾವ ಉಪಕರಣವೂ ಇಲ್ಲದೆ ಮನೆಯಲ್ಲೇ ಮಾಡಬಹುದಾದ ಇಪ್ಪತ್ತು ನಿಮಿಷಗಳ ವ್ಯಾಯಾಮವನ್ನು ಅದು ಕನ್ನಡದಲ್ಲಿ ಹೇಳಿಕೊಡುತ್ತದೆ. ಮೊದಲ ಏಳು ದಿನ ಉಚಿತ, ಆಮೇಲೆ ತಿಂಗಳಿಗೆ 49 ರೂಪಾಯಿ. ಪ್ರಚಾರಕ್ಕೆ ಅವರ ಕೈಯಲ್ಲಿರುವುದು ಒಟ್ಟು 12,000 ರೂಪಾಯಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಅಂಗಡಿಯವರು, ಉಪನ್ಯಾಸಕರು, ಗೃಹಿಣಿಯರು, ಅಂದರೆ ಜಿಮ್‌ಗೆ ತಿಂಗಳಿಗೆ ಸಾವಿರ ರೂಪಾಯಿ ಕೊಡಲಾಗದವರು ಅಥವಾ ಅಲ್ಲಿಗೆ ಹೋಗಲು ಸಂಕೋಚಪಡುವವರು ಇದರ ಬಳಕೆದಾರರು.

ಮೂವತ್ತು ದಿನಗಳಲ್ಲಿ ಬಿಡುಗಡೆಯ ದಿನ ಯಾವುದಾಗಬೇಕು?

ಹನ್ನೊಂದನೆಯ ದಿನ. ಹೆಚ್ಚಿನವರು ಬಿಡುಗಡೆಯನ್ನು ಮೂವತ್ತನೆಯ ದಿನಕ್ಕೆ ಇಟ್ಟು, ಇಪ್ಪತ್ತೊಂಬತ್ತು ದಿನ "ಶೀಘ್ರದಲ್ಲೇ ಬರಲಿದೆ" ಎಂದು ಡಂಗುರ ಸಾರುತ್ತಾರೆ. ದೊಡ್ಡ ಸಿನಿಮಾಕ್ಕೆ ಅದು ಸರಿ, ಏಕೆಂದರೆ ಟಿಕೆಟ್ ಕೊಂಡವನು ಮೂರು ಗಂಟೆ ಕೂತರೆ ಕೆಲಸ ಮುಗಿಯಿತು. ವ್ಯಾಯಾಮದ ಆ್ಯಪ್ ಹಾಗಲ್ಲ. ಅದನ್ನು ಇಳಿಸಿಕೊಂಡವರು ಎರಡನೆಯ ದಿನ ಮೈಕೈ ನೋವು ಎನ್ನುತ್ತಾರೆ, ಐದನೆಯ ದಿನ ಮರೆಯುತ್ತಾರೆ, ಎಂಟನೆಯ ದಿನ ಹಣ ಕಡಿತವಾಯಿತೆಂದು ಸಿಟ್ಟಾಗುತ್ತಾರೆ. ಆ ಮೂರೂ ದಿನಗಳಲ್ಲಿ ನಮ್ಮ ಮಾತು ಅವರಿಗೆ ತಲುಪಬೇಕಾದರೆ ಕ್ಯಾಲೆಂಡರ್‌ನ ದೊಡ್ಡ ಪಾಲು ಬಿಡುಗಡೆಯ ನಂತರಕ್ಕೇ ಇರಬೇಕು. ಆದ್ದರಿಂದ ಹತ್ತು ದಿನ ಮುಂಚಿನ ಪರಿಚಯಕ್ಕೆ, ಉಳಿದ ಇಪ್ಪತ್ತು ದಿನ ಬಂದವರನ್ನು ಉಳಿಸಿಕೊಳ್ಳುವುದಕ್ಕೆ ಎಂಬ ಲೆಕ್ಕ ನನ್ನದು.

ವಾರವನ್ನೂ ಹೊಂದಿಸಿಕೊಳ್ಳಬೇಕು. ಕ್ಯಾಲೆಂಡರ್ ಶುಕ್ರವಾರ ಆರಂಭವಾದರೆ ಹನ್ನೊಂದನೆಯ ದಿನ ಸೋಮವಾರ ಬರುತ್ತದೆ. "ಸೋಮವಾರದಿಂದ ಶುರು ಮಾಡ್ತೀನ್ರಿ" ಎನ್ನುವುದು ನಮ್ಮಲ್ಲಿ ವ್ಯಾಯಾಮದ ಬಗ್ಗೆ ಎಲ್ಲರೂ ಹೇಳುವ ಮಾತಾಗಿರುವುದರಿಂದ, ಆ ಸೋಮವಾರವನ್ನು ನಾವೇ ಒದಗಿಸುವುದು ಒಳ್ಳೆಯದು.

ಮೊದಲ ದಿನಕ್ಕೂ ಮುನ್ನ ಏನೇನು ಮುಗಿದಿರಬೇಕು?

ಪ್ಲೇ ಸ್ಟೋರ್‌ನ ಕೆಲಸ ಮುಗಿದಿರಬೇಕು. ಕ್ಯಾಲೆಂಡರ್‌ಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ, ಆ್ಯಪ್ ಅನ್ನು ಸಾರ್ವಜನಿಕರಿಗೆ ಬಿಡುವ ಮುನ್ನ ಕನಿಷ್ಠ 12 ಮಂದಿ ಪರೀಕ್ಷಕರು ಸತತ 14 ದಿನ, ಆಯ್ದವರಷ್ಟೇ ಆ್ಯಪ್ ಬಳಸಿ ನೋಡುವ ಮುಚ್ಚಿದ ಪರೀಕ್ಷೆಯಲ್ಲಿ ಸೇರಿಕೊಂಡಿರಬೇಕು ಎಂಬ ನಿಯಮ ಗೂಗಲ್‌ನದು. ಮೊದಲು ಈ ಸಂಖ್ಯೆ 20 ಇತ್ತು, ಆಮೇಲೆ 12ಕ್ಕೆ ಇಳಿಯಿತು. ಹದಿನಾಲ್ಕು ದಿನ ಮುಗಿದ ಮೇಲೆ ಅನುಮತಿಗೆ ಅರ್ಜಿ ಹಾಕಬೇಕು, ಅದರ ಪರಿಶೀಲನೆಗೆ ಸಾಮಾನ್ಯವಾಗಿ ಒಂದು ವಾರದವರೆಗೆ ಹಿಡಿಯುತ್ತದೆ. ಹೀಗೆ ಮೂರು ವಾರ ಕ್ಯಾಲೆಂಡರ್‌ನ ಹೊರಗೇ ಹೋಗುತ್ತದೆ. ಸಂಸ್ಥೆಯ ಹೆಸರಿನ ಖಾತೆಗೆ ಈ ಪರೀಕ್ಷೆಯ ಷರತ್ತು ಇಲ್ಲ, ಆದರೆ ಸಂಸ್ಥೆಯ ದಾಖಲೆಗಳನ್ನು ಒಪ್ಪಿಸಬೇಕಾಗುತ್ತದೆ.

ಹನ್ನೆರಡು ಮಂದಿ ಬೇಕೆಂದರೆ ಇಪ್ಪತ್ತು ಮಂದಿಯನ್ನು ಸೇರಿಸಿಕೊಳ್ಳಿ. ಪರೀಕ್ಷೆಯ ಹನ್ನೊಂದನೆಯ ದಿನ ಯಾರೋ ಒಬ್ಬರು ಹೊರನಡೆದು ಸಂಖ್ಯೆ ಹನ್ನೆರಡಕ್ಕಿಂತ ಕೆಳಗಿಳಿದರೆ ಅಷ್ಟು ದಿನಗಳ ಕಾಯುವಿಕೆ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಆ ಇಪ್ಪತ್ತರಲ್ಲಿ ಎಲ್ಲರೂ ಗೆಳೆಯರಾಗಿರಬಾರದು. ರಾಯಚೂರಿನ ಒಬ್ಬ ಅಂಗಡಿಯವರು, ಕೊಪ್ಪಳದ ಒಬ್ಬ ಶಿಕ್ಷಕಿ, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರೊಬ್ಬರು ಇದ್ದರೆ, ಮುಂದೆ ಆ ಊರುಗಳಿಗೆ ಮಾತನಾಡುವಾಗ ತೋರಿಸಲು ನಿಜವಾದ ಮುಖಗಳು ಸಿಗುತ್ತವೆ.

ಅನುಮತಿ ಕೈಗೆ ಬಂದ ಮೇಲೆಯೇ ಮೊದಲ ಪೋಸ್ಟ್ ಹಾಕಬೇಕು. ಅನುಮತಿ ಬಂದೀತೆಂಬ ನಂಬಿಕೆಯಲ್ಲಿ ದಿನಾಂಕ ಘೋಷಿಸಿ, ಆ ದಿನ ಆ್ಯಪ್ ಸಿಗದಿದ್ದರೆ "ಲಿಂಕ್ ಓಪನ್ ಆಗ್ತಿಲ್ರಿ" ಎಂಬ ಒಂದೇ ಸಾಲಿನ ಐವತ್ತು ಸಂದೇಶಗಳು ಬರುತ್ತವೆ. ಆ ಐವತ್ತು ಮಂದಿ ಎರಡನೆಯ ಸಲ ಒತ್ತುವುದಿಲ್ಲ. ಅದಕ್ಕಾಗಿ ನಾಲ್ಕನೆಯ ದಿನ, ಅಂದರೆ ಘೋಷಣೆಗೆ ಒಂದು ವಾರ ಮೊದಲೇ, ಆ್ಯಪ್ ಅನ್ನು ಸದ್ದಿಲ್ಲದೆ ಸ್ಟೋರ್‌ಗೆ ಬಿಟ್ಟುಬಿಡಬೇಕು. ಪರಿಚಯದ ಐದಾರು ಫೋನ್‌ಗಳಲ್ಲಿ, ಮುಖ್ಯವಾಗಿ ಹಳೆಯ ಅಗ್ಗದ ಫೋನ್‌ಗಳಲ್ಲಿ, ಇಳಿಸಿ, ಹಣ ಕಟ್ಟಿ, ರದ್ದು ಮಾಡಿ ನೋಡಲು ಆ ವಾರ ಬೇಕಾಗುತ್ತದೆ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್, ಮೇ ಬೇಡ. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ತಗಡಿನ ಮಾಳಿಗೆಯ ಕೆಳಗೆ ಬೈಠಕ್ ಹೊಡೆಯಿರಿ ಎಂದು ರಾಯಚೂರಿನವರಿಗೆ ಹೇಳುವುದು ತಪ್ಪು, ಅಪಾಯ ಕೂಡ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ದಿನಗಳನ್ನು ಬಿಡಬೇಕು, ಏಕೆಂದರೆ ಸುತ್ತಲಿನ ಊರುಗಳ ಎಲ್ಲರ ಸ್ಟೇಟಸ್‌ನಲ್ಲೂ ಆಗ ತೇರು, ದಾಸೋಹಗಳೇ ಇರುತ್ತವೆ, ನಮ್ಮ ವಿಡಿಯೊ ಅಲ್ಲಿ ಕಾಣುವುದೇ ಇಲ್ಲ. ರಂಜಾನ್ ತಿಂಗಳಲ್ಲಿ ಬಿಡುಗಡೆ ಮಾಡಲೇಬೇಕಾದರೆ, ಬೆಳಗಿನ ವ್ಯಾಯಾಮದ ಪೋಸ್ಟ್‌ಗಳನ್ನು ಇಫ್ತಾರ್ ನಂತರದ ಹೊತ್ತಿಗೆ ಬದಲಾಯಿಸಬೇಕು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಧ್ಯಾಹ್ನ ಮೂರಕ್ಕೆ "ಈಗಲೇ ಎದ್ದು ಹತ್ತು ಬಸ್ಕಿ ಹೊಡೆಯಿರಿ" ಎಂದರೆ ಉಪವಾಸದಲ್ಲಿರುವವರಿಗೆ ನಾವು ಅವರನ್ನು ನೋಡಿಯೇ ಇಲ್ಲವೆಂದು ತಿಳಿಯುತ್ತದೆ. ಉಳಿದಂತೆ ಜುಲೈ ಸರಾಗವಾದ ತಿಂಗಳು.

ಮೊದಲ ಹತ್ತು ದಿನ ಏನು ಹಾಕಬೇಕು? ಆ್ಯಪ್ ಬಗ್ಗೆ ಹೇಳಬಾರದೇ?

ಹೇಳಬಹುದು, ಆದರೆ ಕಡಿಮೆ. ಹೊಸ ಇನ್‌ಸ್ಟಾಗ್ರಾಂ ಖಾತೆಯನ್ನು ಆ ದಿನಗಳಲ್ಲಿ ನೋಡುವವರು ನೂರೈವತ್ತು ಮಂದಿ ಪರಿಚಯದವರಷ್ಟೇ. ಅವರ ಮುಂದೆ ಲೋಗೊ, ಕ್ಷಣಗಣನೆ ಇಟ್ಟರೆ ಒಂದು ಅಭಿನಂದನೆ ಬರುತ್ತದೆ, ಅಷ್ಟೇ. ಅದರ ಬದಲು ಆ್ಯಪ್ ಇಲ್ಲದೆಯೂ ಉಪಯೋಗಕ್ಕೆ ಬರುವ ನಾಲ್ಕು ಚಿಕ್ಕ ವಿಡಿಯೊಗಳನ್ನು ಹಾಕಬೇಕು.

ನಮ್ಮ ಉದಾಹರಣೆಯಲ್ಲಿ ಎರಡನೆಯ ದಿನದ ವಿಡಿಯೊ ದಿನವಿಡೀ ಗಲ್ಲಾದ ಮುಂದೆ ಕೂರುವವರ ಸೊಂಟನೋವಿನ ಬಗ್ಗೆ. ಅಂಗಡಿಯ ಕುರ್ಚಿಯಲ್ಲೇ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾಡಬಹುದಾದ ಎರಡು ಚಲನೆಗಳು, ನಲವತ್ತು ಸೆಕೆಂಡು. ಐದನೆಯ ದಿನದ್ದು ಸೀರೆಯಲ್ಲೇ ಮಾಡಬಹುದಾದ ವ್ಯಾಯಾಮ, ಏಕೆಂದರೆ ನಮ್ಮ ಬಳಕೆದಾರರಲ್ಲಿ ಅನೇಕರು ಟ್ರ್ಯಾಕ್ ಪ್ಯಾಂಟ್ ಹಾಕುವುದನ್ನೇ ಮೊದಲ ಅಡ್ಡಿಯೆಂದು ಹೇಳುತ್ತಾರೆ. ಏಳನೆಯ ದಿನ ಗರಡಿಮನೆಯ ದಂಡ, ಬೈಠಕ್‌ಗಳನ್ನು ಹೊಸಬರು ಗೋಡೆಗೆ ಕೈಕೊಟ್ಟು, ಕುರ್ಚಿ ಹಿಡಿದು ಹೇಗೆ ಕಲಿಯಬಹುದು ಎಂಬುದು. ಒಂಬತ್ತನೆಯ ದಿನ ಪರೀಕ್ಷಕರಲ್ಲಿ ಒಬ್ಬರು ತಮ್ಮದೇ ಮನೆಯ ಪಡಸಾಲೆಯಲ್ಲಿ ನಿಂತು, ಎರಡು ವಾರದಲ್ಲಿ ಯಾವುದು ಕಷ್ಟವಾಯಿತು ಎಂದು ಹೇಳುತ್ತಾರೆ. ಕಷ್ಟವಾದದ್ದನ್ನೇ ಹೇಳಲಿ. ಹೊಗಳಿಕೆಯನ್ನು ಯಾರೂ ನಂಬುವುದಿಲ್ಲ.

ಈ ಹತ್ತು ದಿನಗಳ ನಿಜವಾದ ಗಳಿಕೆ ವಾಟ್ಸ್‌ಆ್ಯಪ್ ಸಂಖ್ಯೆಗಳು. ಪ್ರತಿ ವಿಡಿಯೊದ ಕೊನೆಗೆ "ಸೋಮವಾರ ನಮ್ಮೊಂದಿಗೆ ಶುರು ಮಾಡುವವರು ಈ ನಂಬರನ್ನು ಸೇವ್ ಮಾಡಿಕೊಂಡು, 'ನಾನೂ' ಎಂದು ಕಳಿಸಿ" ಎಂದು ಕೇಳಬೇಕು. ಸೇವ್ ಮಾಡಿಕೊಳ್ಳಿ ಎನ್ನುವುದನ್ನು ಬಿಡುವಂತಿಲ್ಲ. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯನ್ನು ಸೇರಿಸಬಹುದಾದರೂ, ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಇನ್ನೂರು ಮಂದಿಗೆ ಕಳಿಸಿದ್ದೇವೆಂದು ನೆಮ್ಮದಿಯಾಗಿದ್ದು, ನಲವತ್ತು ಮಂದಿಗೆ ಮಾತ್ರ ಎರಡು ಗುರುತು ಬಿದ್ದಿರುವುದನ್ನು ಬಿಡುಗಡೆಯ ಸಂಜೆ ಕಂಡರೆ ಆಗ ಮಾಡುವಂಥದ್ದು ಏನೂ ಇರುವುದಿಲ್ಲ.

ಬೆಳಿಗ್ಗೆ ಮೈದಾನದಲ್ಲಿ ಓಡುವ ಯುವಕರನ್ನು ಗುರಿಯಾಗಿಸಬಹುದೇ?

ಆಸೆ ಸಹಜ. ಬಳ್ಳಾರಿಯ ಮುನಿಸಿಪಲ್ ಮೈದಾನದಲ್ಲಿ ಬೆಳಿಗ್ಗೆ ಐದೂವರೆಗೇ ಅಷ್ಟು ಮಂದಿ ಕಾಣುತ್ತಾರೆ. ಆದರೆ ಅವರಲ್ಲಿ ಬಹುತೇಕರು ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗುವವರು. ಅವರಿಗೆ ಬೇಕಾದದ್ದು 1600 ಮೀಟರ್ ಓಟ, ಉದ್ದ ಜಿಗಿತ, ಗುಂಡು ಎಸೆತ. ಪಡಸಾಲೆಯ ಇಪ್ಪತ್ತು ನಿಮಿಷದ ಆ್ಯಪ್ ಅವರಿಗೆ ಹಗುರ. ಕುತೂಹಲಕ್ಕೆ ಇಳಿಸಿಕೊಂಡು ಮರುದಿನ ತೆಗೆದುಹಾಕುತ್ತಾರೆ, ನಮ್ಮ ಅಂಕಿಗಳನ್ನು ಕೆಡಿಸುತ್ತಾರೆ. ಅದೇ ಮೈದಾನದ ಸುತ್ತ ಆರೂವರೆಯ ನಂತರ ಮಾತನಾಡುತ್ತಾ ನಡೆಯುವ ನಲವತ್ತು, ಐವತ್ತರ ವಯಸ್ಸಿನವರು ನಮ್ಮ ಜನ.

ಬಿಡುಗಡೆಯ ದಿನ ಎಷ್ಟು ಪೋಸ್ಟ್ ಬೇಕು?

ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್, ಅದೇ ವಿಡಿಯೊ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಬೆಳಿಗ್ಗೆ ಒಂದು ಸಂದೇಶ, ರಾತ್ರಿ ಒಂಬತ್ತಕ್ಕೆ ಇನ್ನೊಂದು. ಸಾಕು. ವಿಡಿಯೊದಲ್ಲಿ ಬೆಲೆಯನ್ನು ಮೊದಲ ಐದು ಸೆಕೆಂಡಿನಲ್ಲೇ ಹೇಳಬೇಕು. 49 ರೂಪಾಯಿ ಎಂದರೆ ಒಂದು ಪ್ಲೇಟ್ ಒಗ್ಗರಣಿ ಮಿರ್ಚಿಗೆ ಕೊಡುವ ಹಣದ ಆಚೀಚೆ, ಅದನ್ನು ಹಾಗೆಯೇ ಹೇಳಿದರೆ ಕೇಳಿದವರು ನಗುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ. ಉಳಿದ ಹೊತ್ತೆಲ್ಲ ಮೂವರಲ್ಲಿ ಇಬ್ಬರು ಫೋನ್ ಹಿಡಿದು, ಬರುವ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೂರಬೇಕು. ಆ ದಿನ ಹೊಸ ಪೋಸ್ಟ್‌ಗಿಂತ ಹತ್ತು ನಿಮಿಷದೊಳಗೆ ಬರುವ ಉತ್ತರಕ್ಕೆ ಬೆಲೆ ಹೆಚ್ಚು.

ಬಿಡುಗಡೆಯಾದ ಮರುವಾರ ಏನು ಹಾಕಬೇಕು? ಹೇಳಲು ಏನೂ ಉಳಿದಿಲ್ಲ ಅನಿಸುತ್ತದೆ.

ಹೇಳಬೇಕಾದದ್ದು ಶುರುವಾಗುವುದೇ ಆಗ. ಇಲ್ಲಿ ಪೋಸ್ಟ್‌ಗಳು ನಮ್ಮ ಸುದ್ದಿಯನ್ನು ಬಿಟ್ಟು, ಸೋಮವಾರ ಶುರು ಮಾಡಿದವರ ಮೈಯಲ್ಲಿ ಏನಾಗುತ್ತಿದೆಯೋ ಅದನ್ನು ಅನುಸರಿಸಬೇಕು.

ವರ್ಷಗಟ್ಟಲೆ ವ್ಯಾಯಾಮ ಮಾಡದವರು ಒಮ್ಮೆಲೇ ಬಸ್ಕಿ ಹೊಡೆದರೆ, ನೋವು ಅದೇ ದಿನ ಬರುವುದಿಲ್ಲ. ಸ್ನಾಯುಗಳ ಈ ತಡವಾದ ನೋವು ಒಂದು ದಿನದಿಂದ ಮೂರು ದಿನಗಳ ನಡುವೆ ಹೆಚ್ಚಾಗಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಸೋಮವಾರ ಸಂಜೆ ಮಾಡಿದವರಿಗೆ ಬುಧವಾರ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದೆ. "ಇದು ನನ್ನ ಮೈಗೆ ಆಗಿಬರಲ್ಲ" ಎಂಬ ತೀರ್ಮಾನ ಹುಟ್ಟುವುದು ಆ ಮೆಟ್ಟಿಲ ಮೇಲೆ. ಆದ್ದರಿಂದ ಹದಿಮೂರನೆಯ ದಿನದ, ಅಂದರೆ ಬುಧವಾರ ಬೆಳಿಗ್ಗೆಯ ವಿಡಿಯೊ ಮೆಟ್ಟಿಲ ಮೇಲೇ ಚಿತ್ರಿತವಾಗಿರಬೇಕು. ಒಬ್ಬರು ಕೈಹಿಡಿ ಹಿಡಿದು ಅಡ್ಡಡ್ಡ ಇಳಿಯುತ್ತಾರೆ, ನೋವು ಏಕೆ ಬಂತು, ಇಂದು ಬಸ್ಕಿಯ ಬದಲು ಏನು ಮಾಡಬೇಕು, ಶುಕ್ರವಾರದ ಹೊತ್ತಿಗೆ ಹೇಗಿರುತ್ತದೆ ಎಂದು ಹೇಳುತ್ತಾರೆ. ಜೊತೆಗೇ, ಕೀಲಿನಲ್ಲಿ ಚುಚ್ಚುವ ನೋವು, ಬಾವು, ಎದೆನೋವು, ತಲೆಸುತ್ತು ಇದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಬೇಕೆಂಬ ಮಾತನ್ನೂ ಬಿಡದೆ ಸೇರಿಸಬೇಕು. ಇಡೀ ಕ್ಯಾಲೆಂಡರ್‌ನಲ್ಲಿ ಒಂದೇ ಒಂದು ವಿಡಿಯೊ ಚೆನ್ನಾಗಿ ಮಾಡಲು ಶಕ್ತಿಯಿದ್ದರೆ ಅದನ್ನು ಈ ವಿಡಿಯೊಗೆ ಹಾಕಿ ಎನ್ನುತ್ತೇನೆ. ಹೊಸಬರು ಅದನ್ನು ಹೆಂಡತಿಗೆ, ಗೆಳೆಯರಿಗೆ ಕಳಿಸುತ್ತಾರೆ, ಏಕೆಂದರೆ ಅದರಲ್ಲಿ ಅವರು ತಮ್ಮನ್ನೇ ನೋಡುತ್ತಾರೆ.

ಹದಿನಾಲ್ಕನೆಯ ದಿನ ಪೋಸ್ಟ್ ಬೇಡ. ಹದಿನೈದರಂದು, ಶುಕ್ರವಾರ, ಎರಡು ದಿನ ಬಿಟ್ಟವರನ್ನು ವಾಪಸು ಕರೆಯುವ ಎಂಟು ನಿಮಿಷದ ಹಗುರ ವ್ಯಾಯಾಮ. ಅದರಲ್ಲಿ "ಬಿಟ್ಟಿದ್ದೀರಾ?" ಎಂಬ ಆಕ್ಷೇಪದ ದನಿ ಇರಕೂಡದು.

ಉಚಿತ ಅವಧಿ ಮುಗಿಯುವ ದಿನಕ್ಕೆ ಬೇರೆ ಪೋಸ್ಟ್ ಬೇಕೇ? ಅದು ಗಿರಾಕಿಗಳನ್ನು ಓಡಿಸುವುದಿಲ್ಲವೇ?

ಬೇಕು. ಕೆಲವರು ಓಡುತ್ತಾರೆ, ಓಡಲಿ. ಹನ್ನೊಂದನೆಯ ದಿನ ಏಳು ದಿನಗಳ ಉಚಿತ ಅವಧಿ ಪಡೆದವರಿಗೆ ಹದಿನೆಂಟನೆಯ ದಿನ ಮೊದಲ ಕಡಿತ. ಯುಪಿಐ ಆಟೊಪೇ ಮೂಲಕ ಹಣ ಹೋಗುವ ಮುನ್ನ ಇಪ್ಪತ್ನಾಲ್ಕು ಗಂಟೆ ಮೊದಲೇ ಸೂಚನೆ ಬರಬೇಕೆಂಬ ನಿಯಮ ರಿಸರ್ವ್ ಬ್ಯಾಂಕಿನದು, ಸೂಚನೆ ಬರುತ್ತದೆ ಕೂಡ. ಆದರೆ ಸಾಲದ ಕಂಪನಿಗಳ ಸಂದೇಶಗಳ ಗುಂಪಿನಲ್ಲಿ ಅದನ್ನು ಯಾರು ಓದುತ್ತಾರೆ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆ್ಯಪ್ ಅನ್ನು ಫೋನಿನಿಂದ ತೆಗೆದುಹಾಕಿದರೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ತಮ್ಮ ಖಾತೆಯ ಚಿತ್ರ ಒತ್ತಿ, ಪಾವತಿ ಮತ್ತು ಚಂದಾಗಳ ಪುಟಕ್ಕೆ ಹೋಗಿ ಅಲ್ಲೇ ರದ್ದು ಮಾಡಬೇಕು. ಇದು ಗೊತ್ತಿಲ್ಲದವರು ಹದಿನಾಲ್ಕನೆಯ ದಿನ ಆ್ಯಪ್ ತೆಗೆದುಹಾಕಿ ನಿಶ್ಚಿಂತರಾಗಿರುತ್ತಾರೆ, ಹದಿನೆಂಟರಂದು 49 ರೂಪಾಯಿ ಹೋದಾಗ "ಮೋಸ" ಎಂದು ಬರೆದು ಒಂದು ನಕ್ಷತ್ರ ಕೊಡುತ್ತಾರೆ. ಒಟ್ಟು ಇಪ್ಪತ್ತು ವಿಮರ್ಶೆಗಳಿರುವ ಹೊಸ ಆ್ಯಪ್‌ನಲ್ಲಿ ಅಂಥ ನಾಲ್ಕು ಸಾಕು. ಉಳಿದ ಹದಿನಾರು ಮಂದಿ ಐದು ನಕ್ಷತ್ರ ಕೊಟ್ಟಿದ್ದರೂ ಸರಾಸರಿ 4.2ಕ್ಕೆ ಇಳಿಯುತ್ತದೆ, ಜನ ಓದುವುದಂತೂ ಆ ನಾಲ್ಕನ್ನೇ.

ಆದ್ದರಿಂದ ಹದಿನೇಳನೆಯ ದಿನ, ಭಾನುವಾರ ಬೆಳಿಗ್ಗೆ, ಒಬ್ಬರು ಕ್ಯಾಮೆರಾದ ಮುಂದೆ ಕೂತು, "ನಾಳೆ ನಿಮ್ಮ ಖಾತೆಯಿಂದ 49 ರೂಪಾಯಿ ಹೋಗುತ್ತದೆ, ಬೇಡವಾದರೆ ಇಂದೇ ಹೀಗೆ ನಿಲ್ಲಿಸಿ" ಎಂದು ಫೋನಿನ ಪರದೆ ತೋರಿಸುತ್ತಾ ವಿವರಿಸಬೇಕು. ತಡವಾಗಿ ಸೇರಿದವರಿಗೆ ಅವರವರ ಏಳನೆಯ ದಿನ ಆ್ಯಪ್‌ನೊಳಗಿಂದಲೇ ಈ ವಿಡಿಯೊದ ಸೂಚನೆ ಹೋಗಬೇಕು. ಐದು ನಕ್ಷತ್ರ ಕೊಟ್ಟರೆ ಒಂದು ತಿಂಗಳು ಉಚಿತ ಎಂಬ ಆಮಿಷ ಮಾತ್ರ ಒಡ್ಡಬಾರದು. ಅದು ಪ್ಲೇ ಸ್ಟೋರ್ ನಿಯಮಕ್ಕೆ ವಿರುದ್ಧ.

ಜಾಹೀರಾತಿಗೆ ಎಷ್ಟು ಹಣ ಇಡಬೇಕು?

ಮೊದಲು ಒಂದು ಇನ್‌ಸ್ಟಾಲ್‌ಗೆ ಎಷ್ಟು ಕೊಡಬಹುದು ಎಂಬುದನ್ನು ಕಾಗದದ ಮೇಲೆ ಬರೆಯಿರಿ. 49 ರೂಪಾಯಿ ಚಂದಾದಲ್ಲಿ ಗೂಗಲ್‌ನ ಪಾಲು ಶೇ. 15 ಎಂದು ಹಿಡಿದರೆ ಕೈಗೆ ಬರುವುದು 41 ರೂಪಾಯಿ 65 ಪೈಸೆ. ಒಬ್ಬರು ಮೂರು ತಿಂಗಳು ಉಳಿದರು ಎಂದುಕೊಳ್ಳೋಣ, ಸುಮಾರು 125 ರೂಪಾಯಿ ಆಯಿತು. ಇಳಿಸಿಕೊಂಡ ನೂರು ಮಂದಿಯಲ್ಲಿ ಮೂವರು ಹಣ ಕಟ್ಟಿದರು ಎಂದುಕೊಂಡರೆ ನೂರು ಇನ್‌ಸ್ಟಾಲ್‌ಗಳಿಂದ 375 ರೂಪಾಯಿ, ಅಂದರೆ ಒಂದಕ್ಕೆ 3 ರೂಪಾಯಿ 75 ಪೈಸೆ. ತೆರಿಗೆ, ಸರ್ವರ್ ಖರ್ಚು ಇನ್ನೂ ಕಳೆದಿಲ್ಲ. ಮೂವರು, ಮೂರು ತಿಂಗಳು ಎನ್ನುವುದು ಲೆಕ್ಕಕ್ಕೆ ಹಿಡಿದ ಊಹೆ, ನಿಮ್ಮ ಪರೀಕ್ಷಕರ ಅಂಕಿಗಳನ್ನು ಅಲ್ಲಿ ಹಾಕಿಕೊಳ್ಳಿ. ಆದರೆ ಏನೇ ಹಾಕಿದರೂ ಒಂದು ವಿಷಯ ಉಳಿಯುತ್ತದೆ. ತಿಂಗಳಿಗೆ ಐನೂರು ರೂಪಾಯಿ ಪಡೆಯುವ ಆ್ಯಪ್ ಒಂದು ಇನ್‌ಸ್ಟಾಲ್‌ಗೆ ಮೂವತ್ತು ರೂಪಾಯಿ ಕೊಟ್ಟು ತಡೆದುಕೊಳ್ಳಬಲ್ಲದು, 49 ರೂಪಾಯಿಯದು ತಡೆಯಲಾರದು. ಅಗ್ಗದ ಆ್ಯಪ್ ದುಬಾರಿ ಆ್ಯಪ್‌ನ ಕ್ಯಾಲೆಂಡರ್ ನಕಲು ಮಾಡಿದರೆ ಮುಳುಗುವುದು ಈ ಕಾರಣಕ್ಕೆ.

ನಮ್ಮ 12,000 ರೂಪಾಯಿಯಲ್ಲಿ 4,000 ವಿಡಿಯೊದಲ್ಲಿ ಕಾಣಿಸಿಕೊಳ್ಳುವ ಸ್ಥಳೀಯ ತರಬೇತುದಾರರಿಗೆ, 3,000 ಕ್ಯುಆರ್ ಕೋಡ್ ಇರುವ ಭಿತ್ತಿಪತ್ರಗಳಿಗೆ, 5,000 ಜಾಹೀರಾತಿಗೆ. ಈ 5,000ದಲ್ಲಿ ಶೇ. 18 ಜಿಎಸ್‌ಟಿ ಒಳಗೊಂಡಿದ್ದರೆ ಜಾಹೀರಾತಿಗೆ ನಿಜವಾಗಿ ಸಿಗುವುದು ಸುಮಾರು 4,237 ರೂಪಾಯಿ. ತೆರಿಗೆಯೂ ಸೇರಿ ನಾವು ಕೊಡುವುದು 5,000 ಆದ್ದರಿಂದ, 3.75ರ ಮಿತಿಯೊಳಗೆ ಇರಬೇಕೆಂದರೆ ಕನಿಷ್ಠ 1,334 ಇನ್‌ಸ್ಟಾಲ್ ಬರಬೇಕು, ಅದು ಸುಲಭವಲ್ಲ. ಹೀಗಾಗಿ ಇಪ್ಪತ್ತನೆಯ ದಿನದವರೆಗೆ ಈ ಹಣವನ್ನು ಮುಟ್ಟಬೇಡಿ. ಅಷ್ಟರಲ್ಲಿ ಯಾವ ರೀಲ್ ಅನ್ನು ಜನ ತಾವಾಗಿಯೇ ಬೇರೆಯವರಿಗೆ ಕಳಿಸಿದರು ಎಂಬುದು ತಿಳಿದಿರುತ್ತದೆ. ಆ ಒಂದೇ ರೀಲ್‌ಗೆ, ಮೂರು ನಗರಗಳ ಸುತ್ತ ಮಾತ್ರ, ಮೊದಲ ಮೂರು ದಿನ ದಿನಕ್ಕೆ 300 ರೂಪಾಯಿಯಂತೆ ಹಾಕಿ ನೋಡಿ. ಇನ್‌ಸ್ಟಾಲ್ ಬೆಲೆ ಮಿತಿಯ ಎರಡರಷ್ಟಿದ್ದರೆ ನಿಲ್ಲಿಸಿ, ಉಳಿದ ಹಣವನ್ನು ಭಿತ್ತಿಪತ್ರಕ್ಕೆ ತಿರುಗಿಸಿ. ನಾಲ್ಕು ಬೇರೆ ಬೇರೆ ಜಾಹೀರಾತುಗಳಿಗೆ ಹಂಚಬೇಡಿ. ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾದ ವ್ಯವಸ್ಥೆ ಸರಿಯಾದ ಜನರನ್ನು ಹುಡುಕಲು ಕಲಿಯಬೇಕಾದರೆ ಒಂದು ಜಾಹೀರಾತು ಗುಂಪಿಗೆ ವಾರದಲ್ಲಿ ಸುಮಾರು 50 ಫಲಿತಾಂಶಗಳು ಬೇಕು, ಚಿಲ್ಲರೆ ಹಂಚಿದರೆ ನಾಲ್ಕೂ ಕಲಿಯುವುದಿಲ್ಲ.

ಯಾವ ಪೋಸ್ಟ್‌ನಿಂದ ಜನ ಬಂದರು ಎಂದು ತಿಳಿಯುವುದು ಹೇಗೆ?

ಪ್ರತಿ ಜಾಗಕ್ಕೂ ಬೇರೆ ಲಿಂಕ್ ಮಾಡಿಕೊಳ್ಳಬೇಕು. ಪ್ಲೇ ಸ್ಟೋರ್ ಲಿಂಕ್‌ನ ಬಾಲಕ್ಕೆ ಹೀಗೆ ಗುರುತು ಸೇರಿಸಬಹುದು:

```
https://play.google.com/store/apps/details?id=APP_ID&referrer=utm_source%3Dwhatsapp%26utm_campaign%3Ddina13
```

`APP_ID` ಇರುವಲ್ಲಿ ನಿಮ್ಮ ಆ್ಯಪ್‌ನ ಗುರುತು, `dina13` ಇರುವಲ್ಲಿ ಆ ದಿನದ ಸಂಖ್ಯೆ. ಭಿತ್ತಿಪತ್ರದ ಕ್ಯುಆರ್ ಕೋಡಿಗೂ ಊರಿಗೊಂದು ಗುರುತು ಕೊಟ್ಟರೆ ರಾಯಚೂರಿನ ತೀನ್ ಕಂದೀಲ್ ಬಳಿ ಅಂಟಿಸಿದ್ದಕ್ಕೆ ಫಲ ಬಂತೋ, ಕೊಪ್ಪಳದ ಬಸ್ ನಿಲ್ದಾಣದ ಬಳಿಯದಕ್ಕೆ ಬಂತೋ ಎಂಬುದು ತಿಳಿಯುತ್ತದೆ. ಈ ವಿಧಾನಕ್ಕೆ ಮಿತಿಯಿದೆ. ವಾಟ್ಸ್‌ಆ್ಯಪ್‌ನಲ್ಲಿ ಕೊಟ್ಟ ಲಿಂಕ್ ಹತ್ತು ಗುಂಪುಗಳಿಗೆ ಹೋದರೂ ಅದೇ ಗುರುತನ್ನು ಹೊತ್ತೇ ಹೋಗುತ್ತದೆ, ರೀಲ್ ನೋಡಿ ಹೆಸರು ನೆನಪಿಟ್ಟುಕೊಂಡು ಸ್ಟೋರ್‌ನಲ್ಲಿ ಹುಡುಕಿದವರು ಯಾವ ಗುರುತೂ ಇಲ್ಲದೆ ಬರುತ್ತಾರೆ.

ವಿಡಿಯೊದಲ್ಲಿ ಯಾವ ಕನ್ನಡ ಬಳಸಬೇಕು?

ಮಾತಿಗೆ ಊರಿನ ಕನ್ನಡ, ಪರದೆಯ ಮೇಲಿನ ಅಕ್ಷರಕ್ಕೆ ಸರಳವಾದ ಬರಹದ ಕನ್ನಡ. "ಮೊಣಕಾಲನ್ನು ಮಡಚಿರಿ" ಎಂದು ಪುಸ್ತಕದಂತೆ ಹೇಳುವುದಕ್ಕಿಂತ "ಮೊಣಕಾಲು ಮಡಚ್ರಿ, ಗಡಬಡಿ ಮಾಡಬ್ಯಾಡ್ರಿ" ಎಂದರೆ ಎದುರಿಗೆ ನಿಂತು ಹೇಳಿದಂತಿರುತ್ತದೆ. ಬಳ್ಳಾರಿಯಲ್ಲಿ ತೆಲುಗು, ರಾಯಚೂರಿನಲ್ಲಿ ತೆಲುಗಿನ ಜೊತೆ ಉರ್ದು ಮನೆಮಾತಾಗಿರುವವರು ಬಹಳ. ಅವರಿಗೂ ಊರಿನ ಕನ್ನಡ ಅರ್ಥವಾಗುತ್ತದೆ, ಗ್ರಾಂಥಿಕ ಕನ್ನಡ ದೂರವಾಗುತ್ತದೆ.

ಅಕ್ಷರಗಳನ್ನು ಮಾತ್ರ ಎಚ್ಚರದಿಂದ ನೋಡಿ. ವಿಡಿಯೊ ಜೋಡಿಸುವ ಕೆಲವು ಆ್ಯಪ್‌ಗಳು ಕನ್ನಡದ ಒತ್ತಕ್ಷರಗಳನ್ನು ಒಡೆದು, "ಆರೋಗ್ಯ" ಎಂಬುದನ್ನು ಗುರುತೇ ಸಿಗದಂತೆ ತೋರಿಸುತ್ತವೆ. ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಬರೀ ಕಸ ಬರುತ್ತದೆ. ಯುನಿಕೋಡ್‌ನಲ್ಲೇ ಬರೆದು, ಹಾಕುವ ಮೊದಲು ಬೇರೆಯವರ ಫೋನಿನಲ್ಲಿ ಒಮ್ಮೆ ಓದಿಸಿ.

ಹಿನ್ನೆಲೆಗೆ ಸಿನಿಮಾ ಹಾಡು ಹಾಕಬಹುದೇ?

ವ್ಯಾಪಾರದ ಖಾತೆಗೆ ಬೇಡ. ಇನ್‌ಸ್ಟಾಗ್ರಾಂನಲ್ಲಿ ವೈಯಕ್ತಿಕ ಖಾತೆಗೆ ಸಿಗುವ ಎಲ್ಲ ಹಾಡುಗಳೂ ವ್ಯಾಪಾರದ ಖಾತೆಗೆ ಸಿಗುವುದಿಲ್ಲ. ಬೇರೆ ದಾರಿಯಲ್ಲಿ ಸೇರಿಸಿದರೆ ಚೆನ್ನಾಗಿ ಓಡುತ್ತಿರುವ ವಿಡಿಯೊದ ಧ್ವನಿಯೇ ಒಂದು ದಿನ ನಿಂತುಹೋಗುತ್ತದೆ. ಮೆಟ್ಟಿಲ ವಿಡಿಯೊ ಮೂಕವಾದರೆ ಅದರಲ್ಲಿ ಉಳಿಯುವುದು ಒಬ್ಬ ಕುಂಟುವ ಮನುಷ್ಯ ಮಾತ್ರ. ಒಬ್ಬರು ಹಲಗೆ ಬಾರಿಸಿದ್ದನ್ನು ಧ್ವನಿಮುದ್ರಿಸಿಕೊಂಡರೆ ಅದೇ ಬಸ್ಕಿಯ ತಾಳಕ್ಕೆ ಒದಗುತ್ತದೆ.

ತೂಕ ಇಳಿದವರ ಮೊದಲಿನ, ನಂತರದ ಫೋಟೊ ಹಾಕಬಹುದೇ? ತರಬೇತುದಾರರು ಹೇಳಿದರೆ ಸಾಕಲ್ಲವೇ?

ಮೂವತ್ತು ದಿನಗಳ ಆ್ಯಪ್‌ಗೆ ಅಂಥ ಫೋಟೊ ನಿಜವಾಗಿ ಇರಲು ಸಾಧ್ಯವಿಲ್ಲ, ಮೊದಲ ಮಾತೇ ಅದು. ಎರಡನೆಯದಾಗಿ, ನೋಡುವವರಿಗೆ ತಮ್ಮ ದೇಹದ ಬಗ್ಗೆ ಕೀಳರಿಮೆ ಹುಟ್ಟಿಸುವ ತೂಕದ ಜಾಹೀರಾತುಗಳನ್ನು ಮೆಟಾ ಒಪ್ಪುವುದಿಲ್ಲ, ಜಾಹೀರಾತು ತಿರಸ್ಕೃತವಾದರೆ ಇಪ್ಪತ್ತನೆಯ ದಿನದ ಯೋಜನೆ ಅಲ್ಲೇ ನಿಲ್ಲುತ್ತದೆ. "ತಿಂಗಳಲ್ಲಿ ಐದು ಕೆ.ಜಿ. ಇಳಿಸಿ" ಎಂಬಂಥ ಆಧಾರವಿಲ್ಲದ ಭರವಸೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಾಗುತ್ತದೆ, ದಂಡ ಹತ್ತು ಲಕ್ಷ ರೂಪಾಯಿಯವರೆಗೂ ಹೋಗಬಹುದು.

ತರಬೇತುದಾರರಿಗೆ ನಾವು 4,000 ರೂಪಾಯಿ ಕೊಡುತ್ತಿರುವುದರಿಂದ ಅವರ ವಿಡಿಯೊದ ಮೇಲೆ "ಜಾಹೀರಾತು" ಎಂಬ ಗುರುತು ಎದ್ದು ಕಾಣಬೇಕು. ಹಣ ಕೊಡದೆ ಒಂದು ವರ್ಷ ಉಚಿತ ಚಂದಾ ಕೊಟ್ಟರೂ ಅದೇ ನಿಯಮ. ಆರೋಗ್ಯದ ಬಗ್ಗೆ ಮಾತನಾಡುವವರಿಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಹೆಚ್ಚುವರಿ ಮಾರ್ಗಸೂಚಿ ಹೊರಡಿಸಿದೆ. ಅದರಂತೆ ಪ್ರಮಾಣಪತ್ರ ಇರುವವರು ಅದನ್ನು ತಿಳಿಸಬೇಕು, ಹೇಳುವ ಮಾತು ವೈದ್ಯರ ಸಲಹೆಗೆ ಬದಲಿಯಲ್ಲವೆಂದು ಸ್ಪಷ್ಟಪಡಿಸಬೇಕು. ನಮ್ಮ ತರಬೇತುದಾರರು ಬಸ್ಕಿ ಹೊಡೆಯುವುದನ್ನು ಹೇಳಿಕೊಡಲಿ, ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡದಿರಲಿ.

ಇಪ್ಪತ್ತರಿಂದ ಮೂವತ್ತರವರೆಗೆ ದಿನಕ್ಕೊಂದು ಪೋಸ್ಟ್ ಬೇಕೇ?

ಬೇಡ. ಒಟ್ಟು ಮೂವತ್ತು ದಿನಕ್ಕೆ ಹದಿನಾರು ಪೋಸ್ಟ್ ಸಾಕು, ಅದರಲ್ಲಿ ಕೊನೆಯ ಹತ್ತು ದಿನಕ್ಕೆ ಐದು. ಮೂರು ಜನರ ತಂಡ ಒಂದು ಶನಿವಾರ, ಒಂದು ಭಾನುವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕೂತರೆ ಹನ್ನೆರಡು ವಿಡಿಯೊ ಚಿತ್ರಿಸಬಹುದು. ಹತ್ತರ ಮೇಲೆ ಬೆಳಕೂ ಬಿರುಸಾಗುತ್ತದೆ, ವ್ಯಾಯಾಮ ಮಾಡುವವರೂ ಸುಸ್ತಾಗುತ್ತಾರೆ. ಉಳಿದ ನಾಲ್ಕನ್ನು ಖಾಲಿ ಬಿಡಬೇಕು. ಬಿಡುಗಡೆಯ ನಂತರ ಜನ ಕೇಳುವ ಪ್ರಶ್ನೆಗಳೇ ಆ ನಾಲ್ಕನ್ನು ತುಂಬುತ್ತವೆ: ಮೊಣಕಾಲು ನೋವಿದ್ದವರು ಏನು ಮಾಡಬೇಕು, ಶ್ರಾವಣದ ಉಪವಾಸದ ದಿನ ಮಾಡಬಹುದೇ, ಕರೆಂಟ್ ಹೋದಾಗ ವಿಡಿಯೊ ಇಲ್ಲದೆ ಮಾಡುವುದು ಹೇಗೆ. ಮೊದಲೇ ಮೂವತ್ತೂ ಚೌಕಗಳನ್ನು ತುಂಬಿಟ್ಟ ಕ್ಯಾಲೆಂಡರ್‌ನಲ್ಲಿ ಇವುಗಳಿಗೆ ಜಾಗವೇ ಇರುವುದಿಲ್ಲ.

ಮೂವತ್ತನೆಯ ದಿನ ಏನನ್ನು ನೋಡಬೇಕು?

ಹಿಂಬಾಲಕರ ಸಂಖ್ಯೆಯನ್ನು ಪಕ್ಕಕ್ಕಿಡಿ. ಸೋಮವಾರ ಇಳಿಸಿಕೊಂಡವರಲ್ಲಿ ಎಷ್ಟು ಮಂದಿ ಮೂರನೆಯ ವ್ಯಾಯಾಮ ಮುಗಿಸಿದರು ಎಂಬುದನ್ನು ಮೊದಲು ನೋಡಬೇಕು. ಮೊದಲ ದಿನದ ವ್ಯಾಯಾಮ ಮುಗಿಸಿದವರು ಹೆಚ್ಚಿದ್ದು ಮೂರನೆಯದು ಮುಗಿಸಿದವರು ಒಮ್ಮೆಲೇ ಕುಸಿದಿದ್ದರೆ ಮೊದಲ ವ್ಯಾಯಾಮ ಅತಿಯಾಯಿತು ಎಂದರ್ಥ, ಯಾವ ರೀಲ್ ಕೂಡ ಅದನ್ನು ಸರಿಪಡಿಸಲಾರದು, ಆ್ಯಪ್‌ನಲ್ಲೇ ಬಸ್ಕಿಯ ಸಂಖ್ಯೆ ಇಳಿಸಬೇಕು. ಮೊದಲನೆಯದನ್ನೇ ಶುರು ಮಾಡದವರು ಹೆಚ್ಚಿದ್ದರೆ ಪೋಸ್ಟ್‌ಗಳು ತಪ್ಪು ಜನರನ್ನು ಕರೆತಂದಿವೆ, ಲಿಂಕ್‌ಗಳ ಗುರುತು ನೋಡಿ ಯಾವುದೆಂದು ಹುಡುಕಬೇಕು. ಹದಿನೆಂಟನೆಯ ದಿನ ಹಣ ಕಟ್ಟಿದವರನ್ನು ಮೂವತ್ತರಂದು ಎಣಿಸಿ ಸಂಭ್ರಮಿಸುವುದು ಅವಸರವಾಗುತ್ತದೆ. ಅವರ ಎರಡನೆಯ ಕಡಿತ ನಲವತ್ತೆಂಟನೆಯ ದಿನದ ಹೊತ್ತಿಗೆ ಬರುತ್ತದೆ. ಮೂರು ತಿಂಗಳು ಉಳಿಯುತ್ತಾರೆಂಬ ನಮ್ಮ 3.75ರ ಲೆಕ್ಕ ನಿಂತಿದೆಯೋ ಕುಸಿದಿದೆಯೋ ಎಂಬುದು ಮೊದಲ ಸಲ ಕಾಣುವುದು ಆ ದಿನ, ಹಾಗಾಗಿ ಜಾಹೀರಾತಿನ ಹಣದಲ್ಲಿ ಏನಾದರೂ ಉಳಿದಿದ್ದರೆ ಅಲ್ಲಿಯವರೆಗೆ ಹಾಗೇ ಇಟ್ಟಿರಿ.